ಮನೆಯ ಜಾಲದ ಗುಪ್ತಪದ: ಮೌಖಿಕ ಸಂವಹನದ ದೃಷ್ಟಿಯಿಂದ

ಬ್ಯಾಂಕಿನ ಗುಪ್ತಪದವನ್ನು ಒಬ್ಬರೇ ಬಲ್ಲರು. ಮನೆಯ ವೈ-ಫೈ ಜಾಲದ ಗುಪ್ತಪದವಾದರೋ ಅಜ್ಜಿಯಿಂದ ಮೊಮ್ಮಗನಿಗೆ, ಅವನಿಂದ ಊರಿನಿಂದ ಬಂದ ನೆಂಟರಿಗೆ ಬಾಯಿಂದ ಬಾಯಿಗೆ ದಾಟುತ್ತದೆ. ಆದ್ದರಿಂದ ಅದರ ರಚನೆಯು ಗಣಿತದ ಪ್ರಶ್ನೆಯಾಗಿರುವಂತೆಯೇ ಮೌಖಿಕ ಸಂವಹನದ ಪ್ರಶ್ನೆಯೂ ಆಗಿದೆ.

`Mys0ru@2024` ಎಂಬಂತಹ ರಚನೆಯನ್ನು ಹೇಳುವಾಗ ‘ಮೊದಲನೆಯದು ದೊಡ್ಡಕ್ಷರ, ಓ ಅಲ್ಲ ಸೊನ್ನೆ’ ಎಂದು ವಿವರಿಸಬೇಕಾಗುತ್ತದೆ. ಕೇಳುವವರಿಗೆ ತೊಡಕಾದ ಇದು ಯಂತ್ರಕ್ಕೆ ಒಗಟೇ ಅಲ್ಲ. ಊರಹೆಸರುಗಳು 10,000, ಅಕ್ಷರ ಬದಲಿಸುವ ಬಗೆಗಳು 20, ಚಿಹ್ನೆಗಳು 10, ಇಸವಿಗಳು 100 ಎಂದು ಹಿಡಿದರೆ ಒಟ್ಟು ಸಾಧ್ಯತೆಗಳು 20 ಕೋಟಿ. WPA2 ಪದ್ಧತಿಯಲ್ಲಿ, ಸಾಧನವೊಂದು ಜಾಲವನ್ನು ಸೇರುವಾಗ ನಡೆಯುವ ಸಂಕೇತ ವಿನಿಮಯವನ್ನು ಸಮೀಪದಲ್ಲಿರುವವನು ದಾಖಲಿಸಿಕೊಂಡು, ಅನಂತರ ಬೇರೆಡೆ ಕುಳಿತು ಊಹೆಗಳನ್ನು ಪರೀಕ್ಷಿಸಬಲ್ಲನು. ಸೆಕೆಂಡಿಗೆ 10 ಲಕ್ಷ ಊಹೆಗಳಾದರೆ 200 ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಇದಕ್ಕೆ ಪರ್ಯಾಯವಾಗಿ 1995ರಲ್ಲಿ ಅರ್ನಾಲ್ಡ್ ರೈನ್‌ಹೋಲ್ಡ್ ಅವರು 7,776 ಪದಗಳ ಪಟ್ಟಿಯಿಂದ ದಾಳವೆಸೆದು ಪದಗಳನ್ನು ಆರಿಸುವ ವಿಧಾನವನ್ನು ರೂಪಿಸಿದರು. ಕನ್ನಡದ ಮನೆಯೊಂದು ಇದನ್ನು ಸರಳವಾಗಿ ಅಳವಡಿಸಿಕೊಳ್ಳಬಹುದು. ನೋಟುಪುಸ್ತಕದ 36 ಪುಟಗಳಲ್ಲಿ ತಲಾ 36 ಪದಗಳನ್ನು ಬರೆದರೆ 1,296 ಪದಗಳಾಗುತ್ತವೆ. ಬೇರೆ ಬೇರೆ ಬಣ್ಣದ ಎರಡು ದಾಳಗಳ ಒಂದು ಎಸೆತ ಪುಟವನ್ನೂ ಮತ್ತೊಂದು ಎಸೆತ ಸಾಲನ್ನೂ ನಿರ್ಣಯಿಸುತ್ತದೆ. ಚೌಕಾಬಾರದ ಕವಡೆಗಳು ಇಲ್ಲಿ ಸಲ್ಲವು. ಅವುಗಳಲ್ಲಿ ಎಲ್ಲ ಗರಗಳೂ ಸಮಾನವಾಗಿ ಬೀಳುವುದಿಲ್ಲ. ಐದು ಬಾರಿ ಹೀಗೆ ಮಾಡಿದಾಗ ದೊರೆಯುವ ಪದಮಾಲೆ ಹೀಗಿರಬಹುದು:

```
kudure-benki-mosaru-pustaka-hunase
```

ಇದರಲ್ಲಿ 34 ಅಕ್ಷರಚಿಹ್ನೆಗಳಿವೆ. WPA2 ಪದ್ಧತಿಯ ಮಿತಿ 8ರಿಂದ 63. ಪಟ್ಟಿಯೇ ಬಯಲಾದರೂ ಅದೇ ವೇಗದಲ್ಲಿ ಎಲ್ಲ ಸಾಧ್ಯತೆಗಳನ್ನು ಪರೀಕ್ಷಿಸಲು ಸುಮಾರು 116 ವರ್ಷಗಳು ಬೇಕು. ಆರನೆಯ ಪದ ಸೇರಿದರೆ ಕಾಲ 1,296 ಪಟ್ಟು ಹೆಚ್ಚುತ್ತದೆ. ಕುದುರೆ, ಬೆಂಕಿ, ಮೊಸರು ಎಂದು ಕೇಳಿದವರಿಗಾದರೋ ನೆನಪಿಡಬೇಕಾದವು ಐದೇ ಘಟಕಗಳು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಗಾದೆ, ಹಾಡಿನ ಸಾಲು, ದೇವರ ನಾಮಗಳು ಉದ್ದವಾಗಿದ್ದರೂ ಸಲ್ಲವು. ಸಮುದಾಯಕ್ಕೆಲ್ಲ ಕಂಠಸ್ಥವಾದದ್ದು ಊಹಿಸುವವನ ಪಟ್ಟಿಯಲ್ಲಿಯೂ ಇರಬಲ್ಲುದು. ಪದಗಳು ಎಲ್ಲರಿಗೂ ಪರಿಚಿತವಾಗಿರಬೇಕು, ಅವುಗಳ ಜೋಡಣೆ ಯಾರಿಗೂ ಪರಿಚಿತವಾಗಿರಬಾರದು. ಎರಡನೆಯದು ಲಿಪಿಯ ತೊಡಕು. ಗುಪ್ತಪದವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕಾದುದರಿಂದ ಹುಲಿ, ಹುಳಿ ಎರಡೂ `huli` ಆಗುತ್ತವೆ. ಹಾಲು `halu` ಅಥವಾ `haalu` ಆಗಬಹುದು. ಇಂತಹ ಪದಗಳನ್ನು ಪಟ್ಟಿಯಿಂದಲೇ ಕೈಬಿಡುವುದು ಉಚಿತ.

ಪದಮಾಲೆಯು ಊಹೆಯನ್ನು ತಡೆಯುತ್ತದೆಯೇ ಹೊರತು ಒಮ್ಮೆ ಕೇಳಿದವರ ನೆನಪನ್ನು ಅಳಿಸುವುದಿಲ್ಲ. ನೆಂಟರ ಓಡಾಟ ಹೆಚ್ಚಿರುವ ಮನೆಯಲ್ಲಿ ಅತಿಥಿಗಳಿಗೆ ಪ್ರತ್ಯೇಕ ಜಾಲವನ್ನಿರಿಸಿ, ಅದಕ್ಕೆ ಬೇರೊಂದು ಪದಮಾಲೆಯನ್ನು ಕೊಡುವುದು ಯುಕ್ತ.