ಖಾಲಿ ಚೌಕ ಎಂದರೆ ‘ಇಲ್ಲ’ ಎಂದಲ್ಲ: ಸಮೀಕ್ಷಾ ಪಟ್ಟಿಯ ಟಿಕ್ ಗುರುತುಗಳನ್ನು ಓದುವ ಬಗೆ

ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಗಳ ಜೊತೆಗೆ ಶಾಲಾ ಸೌಲಭ್ಯಗಳ ಸಮೀಕ್ಷೆಯನ್ನೂ ಮಾಡಿಕೊಂಡು ಬರುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ಹೋದ ನಾಲ್ಕು ತಂಡಗಳ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಸ್ಪ್ರೆಡ್‌ಶೀಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಟ್ಟಿಯಲ್ಲಿ ಒಂದು ಸಾಲಿಗೆ ಒಂದು ಶಾಲೆ. ಕುಡಿಯುವ ನೀರು, ರ‍್ಯಾಂಪ್, ಹೆಣ್ಣುಮಕ್ಕಳ ಶೌಚಾಲಯ, ಗ್ರಂಥಾಲಯ ಎಂಬ ಕಲಂಗಳು. ಪ್ರತಿ ಚೌಕವೂ ಕೊನೆಗೆ TRUE ಅಥವಾ FALSE ಆಗಬೇಕು.

ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಟಿಕ್ ಗುರುತು ಒಂದು ಅಕ್ಷರವಲ್ಲ. ಅದು ಒಮ್ಮೆ V ಎಂದು, ಒಮ್ಮೆ ಓರೆಗೆರೆ ಎಂದು ಓದುತ್ತದೆ. ಕೆಲವೊಮ್ಮೆ ಏನನ್ನೂ ಓದುವುದಿಲ್ಲ. ಆದ್ದರಿಂದ ಗುರುತನ್ನು ಓದುವ ಬದಲು ಚೌಕದೊಳಗೆ ಎಷ್ಟು ಶಾಯಿ ಇದೆ ಎಂದು ಅಳೆಯುವುದು ಮೇಲು. 200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಸೆಂ.ಮೀ. ಚೌಕದ ಬದಿ ಸುಮಾರು 79 ಪಿಕ್ಸೆಲ್ ಆಗುತ್ತದೆ. ಅಂಚಿನ ಗೆರೆ ಲೆಕ್ಕಕ್ಕೆ ಬರದಂತೆ ಸುತ್ತಲೂ 8 ಪಿಕ್ಸೆಲ್ ಬಿಟ್ಟರೆ 63 × 63, ಅಂದರೆ 3969 ಪಿಕ್ಸೆಲ್ ಉಳಿಯುತ್ತದೆ. ಅರ್ಧ ಮಿ.ಮೀ. ದಪ್ಪದ ಪೆನ್ನಿನ, ಒಂದು ಸೆಂ.ಮೀ. ಉದ್ದದ ಗೆರೆ ಅದರಲ್ಲಿ ಸುಮಾರು ಶೇ. 8ರಷ್ಟನ್ನು ಕಪ್ಪಾಗಿಸುತ್ತದೆ. ಖಾಲಿ ಚೌಕದಲ್ಲಿ ಧೂಳಿನ ಚುಕ್ಕೆಗಳಷ್ಟೇ. ಚೌಕದ ಎಡ-ಮೇಲಿನ ಮೂಲೆ x, y ಆಗಿದ್ದರೆ ಪೈಥಾನಿನಲ್ಲಿ ಇಷ್ಟು ಸಾಕು:

```
from PIL import Image
p = Image.open("p.png").convert("L")
c = p.crop((x+8, y+8, x+71, y+71))
v = sum(c.histogram()[:128]) / (63*63)
```

v 0.01ಕ್ಕಿಂತ ಕಡಿಮೆಯಾದರೆ ಖಾಲಿ, 0.03ಕ್ಕಿಂತ ಹೆಚ್ಚಾದರೆ ಗುರುತು ಇದೆ ಎಂದು ಇಟ್ಟುಕೊಂಡೆ. ನಡುವೆ ಬಂದದ್ದನ್ನು ಕಣ್ಣಿನಿಂದಲೇ ನೋಡಬೇಕು. ಪೆನ್ಸಿಲ್ ಮತ್ತು ತಿಳಿನೀಲಿ ಶಾಯಿ ಸಾಮಾನ್ಯವಾಗಿ ಈ ನಡುವಿನ ಗುಂಪಿಗೆ ಸೇರುತ್ತವೆ.

ಕಾಗದ ಓರೆಯಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಒಂದೇ ಡಿಗ್ರಿ ವಾಲಿದರೂ 25 ಸೆಂ.ಮೀ. ಕೆಳಗೆ ಹೋಗುವಷ್ಟರಲ್ಲಿ ಕಲಂ ನಾಲ್ಕು ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಆಗ ಅಂಚಿನ ಮುದ್ರಿತ ಗೆರೆಯೇ ಒಳಗೆ ನುಗ್ಗಿ ಟಿಕ್‌ನಂತೆ ಎಣಿಕೆಯಾಗುತ್ತದೆ. ಪುಟದ ಕೆಳಭಾಗದ ಚೌಕಗಳೆಲ್ಲ ‘ಇದೆ’ ಎನ್ನುತ್ತಿದ್ದು, v ಬೆಲೆಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅನುಮಾನಪಡಬೇಕು. ಕೈಯಿಂದ ಹಾಕಿದ ಟಿಕ್‌ಗಳ ಬೆಲೆ ಹಾಗೆ ಒಂದೇ ಸಮ ಇರುವುದಿಲ್ಲ.

ಶಾಯಿ ಇದೆಯೋ ಇಲ್ಲವೋ ಎಂದು ಗೊತ್ತಾದ ಮೇಲೆ, ಅದರ ಅರ್ಥವೇನು ಎಂಬುದು ಬೇರೆಯೇ ಪ್ರಶ್ನೆ. ಚನ್ನಪಟ್ಟಣದ ತಂಡ ಇರುವುದಕ್ಕೆ ✓, ಇಲ್ಲದ್ದಕ್ಕೆ × ಹಾಕಿತ್ತು. ಎರಡರಲ್ಲೂ ಶಾಯಿ ಹೆಚ್ಚುಕಡಿಮೆ ಅಷ್ಟೇ. ಅಳತೆಯನ್ನು ನಂಬಿದರೆ ಎಲ್ಲ ಶಾಲೆಗೂ ಎಲ್ಲ ಸೌಲಭ್ಯವೂ ಬಂದುಬಿಡುತ್ತಿತ್ತು. ಆ ಪಟ್ಟಿಯನ್ನು ಕೈಯಿಂದಲೇ ನಮೂದಿಸಿದೆವು. ಮಾಗಡಿಯ ಪಟ್ಟಿಯಲ್ಲಿ ಮೊದಲ ಶಾಲೆಗೆ ಟಿಕ್ ಹಾಕಿ, ಕೆಳಗಿನವಕ್ಕೆಲ್ಲ ಒಂದೇ ಉದ್ದ ಗೆರೆ ಎಳೆದಿದ್ದರು. ಅದು ‘ಮೇಲಿನಂತೆಯೇ’ ಎಂದೋ ‘ಅನ್ವಯಿಸುವುದಿಲ್ಲ’ ಎಂದೋ ಬರೆದವರೇ ಹೇಳಬೇಕು.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕನಕಪುರದ ಪಟ್ಟಿ. ಅಲ್ಲಿ ಇರುವುದಕ್ಕೆ ಮಾತ್ರ ಟಿಕ್, ಉಳಿದದ್ದು ಖಾಲಿ. ಕೇಳಿದಾಗ ಒಬ್ಬ ಪ್ರಶಿಕ್ಷಣಾರ್ಥಿ, “ಇಲ್ಲದ್ದಕ್ಕೆ ಗುರುತು ಯಾಕೆ ಸಾರ್ ಅಂತ ಬಿಟ್ವಿ” ಎಂದರು. ಆದರೆ ಒಂದು ಶಾಲೆಯಲ್ಲಿ ಆ ದಿನ ಶೌಚಾಲಯಕ್ಕೆ ಬೀಗ ಹಾಕಿತ್ತು. ಅದು ಯಾರದೆಂದು ಹೇಳುವವರು ಸಿಗದೆ ಆ ಚೌಕವನ್ನೂ ಖಾಲಿ ಬಿಟ್ಟಿದ್ದರು. ಒಂದು ಖಾಲಿಯ ಅರ್ಥ ‘ಇಲ್ಲ’, ಇನ್ನೊಂದರ ಅರ್ಥ ‘ಗೊತ್ತಿಲ್ಲ’. ಎರಡನ್ನೂ FALSE ಮಾಡಿದರೆ ಆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ ಎಂದು ನಮ್ಮ ವರದಿ ಸಾರುತ್ತಿತ್ತು. ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿದಾಗ ಇದೆ ಎಂದೇ ತಿಳಿಯಿತು.

ರಾಮನಗರದ ತಂಡ ಪ್ರತಿ ಸೌಲಭ್ಯಕ್ಕೂ ‘ಇದೆ’, ‘ಇಲ್ಲ’ ಎಂಬ ಎರಡು ಚೌಕಗಳನ್ನು ಎಳೆದುಕೊಂಡಿತ್ತು. ನನ್ನ ಮಟ್ಟಿಗೆ ಇದೇ ಸರಿಯಾದ ನಮೂನೆ. ಎರಡರಲ್ಲೊಂದಕ್ಕೆ ಮಾತ್ರ ಗುರುತು ಇರಬೇಕು. ಎರಡೂ ಖಾಲಿ ಇದ್ದರೆ ಅಥವಾ ಹೊಡೆದುಹಾಕಿದ ಟಿಕ್ ಸೇರಿ ಎರಡರಲ್ಲೂ ಶಾಯಿ ಇದ್ದರೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. ಎರಡು ಚೌಕಗಳ v ಬೆಲೆಗಳನ್ನು B, C ಕಲಂಗಳಲ್ಲಿಟ್ಟು D ಕಲಂನಲ್ಲಿ ಈ ಸೂತ್ರ ಹಾಕಿದೆ:

```
=IF(AND(B2>0.03,C2<0.01),TRUE,
 IF(AND(B2<0.01,C2>0.03),FALSE,"?"))
```

ಯುಡೈಸ್ ನಮೂನೆಯನ್ನು ಅನುಸರಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಅನೇಕ ಪ್ರಶ್ನೆಗಳಿಗೆ ‘ಹೌದು’ 1, ‘ಇಲ್ಲ’ 2. ಸ್ಪ್ರೆಡ್‌ಶೀಟ್ ಸೊನ್ನೆಯಲ್ಲದ ಯಾವ ಅಂಕಿಯನ್ನೂ TRUE ಎಂದೇ ಭಾವಿಸುವುದರಿಂದ, =IF(A2,TRUE,FALSE) ಎಂದು ಬರೆದರೆ ‘ಇಲ್ಲ’ ಕೂಡ ‘ಹೌದು’ ಆಗುತ್ತದೆ. =A2=1 ಎಂದು ಬರೆದರೂ ಪೂರ್ತಿ ಸರಿಹೋಗುವುದಿಲ್ಲ: ಖಾಲಿ ಚೌಕ FALSE ಆಗುತ್ತದೆ, ಮತ್ತೆ ಕನಕಪುರದ್ದೇ ಕಥೆ.

ಶೇಕಡಾವಾರು ಲೆಕ್ಕಕ್ಕೆ COUNTIF ಬಳಸಿ TRUE ಮತ್ತು FALSE ಎರಡನ್ನೂ ಬೇರೆಬೇರೆ ಎಣಿಸಿ, ಅವೆರಡರ ಮೊತ್ತದಿಂದಲೇ ಭಾಗಿಸಿದೆವು. ‘?’ ಉಳಿದ ಶಾಲೆಗಳ ಸಂಖ್ಯೆಯನ್ನು ಕೋಷ್ಟಕದ ಕೊನೆಯ ಕಲಂನಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದೇವೆ.