ಎರಡೂ ಕಾಲಂಗಳಲ್ಲಿ ಒಬ್ಬರೇ ರೋಗಿ

ವೈದ್ಯಕೀಯ ವಿದ್ಯಾರ್ಥಿಗಳ ನೋಟ್ಸ್‌ನಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಎಡಗಡೆ ಕುಶಿಂಗ್, ಅಂದರೆ ಕಾರ್ಟಿಸೋಲ್ ಹಾರ್ಮೋನ್ ಅತಿಯಾದ ಸ್ಥಿತಿ. ಬಲಗಡೆ ಅಡಿಸನ್, ಅಂದರೆ ಅದು ಸಾಲದ ಸ್ಥಿತಿ. ತೂಕ, ಬಿಪಿ, ರಕ್ತದ ಸಕ್ಕರೆ ಎಡಗಡೆ ಏರುತ್ತವೆ, ಬಲಗಡೆ ಇಳಿಯುತ್ತವೆ. ಪೊಟ್ಯಾಸಿಯಂ ಮಾತ್ರ ತಿರುಗುಮುರುಗು. ಬಾಯಿಪಾಠ ಮಾಡಲು ಇದಕ್ಕಿಂತ ಸುಲಭದ್ದಿಲ್ಲ. ಆದರೆ ಆಸ್ಪತ್ರೆಗೆ ಬರುವ ಕೆಲವರು ಎರಡೂ ಕಾಲಂಗಳಿಗೆ ಒಟ್ಟಿಗೇ ಸೇರಿರುತ್ತಾರೆ.

ಒಂದು ಉದಾಹರಣೆ ನೋಡೋಣ. ಐವತ್ತನಾಲ್ಕು ವರ್ಷದ ಹೆಂಗಸು. ಮಂಡಿನೋವಿಗೆಂದು ಹಳೆಯ ಚೀಟಿ ತೋರಿಸಿ ಎರಡು ವರ್ಷದಿಂದ ದಿನಕ್ಕೆ 10 ಮಿ.ಗ್ರಾಂ ಪ್ರೆಡ್ನಿಸೋಲೋನ್ ನುಂಗುತ್ತಿದ್ದರು. ಮುಖ ದುಂಡಗಾಯಿತು, ಹೊಟ್ಟೆ ಬಂತು, ಕೈಕಾಲು ಮಾತ್ರ ಸಣಕಲು. ಸ್ವಲ್ಪ ತಾಗಿದರೂ ಚರ್ಮದ ಮೇಲೆ ನೀಲಿ ಕಲೆ. ಸಕ್ಕರೆ 240 ಮುಟ್ಟಿದಾಗ ‘ಈ ಮಾತ್ರೆಯಿಂದಲೇ ಇದೆಲ್ಲ’ ಎಂದು ಯಾರೋ ಹೇಳಿದರು. ಮಾತು ನಿಜವೇ. ಅವರು ಅಂದೇ ಮಾತ್ರೆ ಬಿಟ್ಟರು.

ಕೆಲವೇ ದಿನಗಳಲ್ಲಿ ವಾಂತಿ, ಏಳಲಾಗದಷ್ಟು ಸುಸ್ತು. ಬಿಪಿ 80/50, ಸಕ್ಕರೆ 58, ಸೋಡಿಯಂ 126, ಪೊಟ್ಯಾಸಿಯಂ 4.2. ಮುಖ ನೋಡಿದರೆ ಕುಶಿಂಗ್, ರಕ್ತದ ವರದಿ ನೋಡಿದರೆ ಬಹುಪಾಲು ಅಡಿಸನ್. ಈ ಹೊತ್ತಿನಲ್ಲಿ ಕಾರ್ಟಿಸೋಲ್ ಅಳೆದರೆ ತೀರಾ ಕಡಿಮೆ ಬರುತ್ತದೆ.

ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿರುವಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಆಜ್ಞೆಯಿಲ್ಲದೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಮಾತ್ರೆ ನಿಂತ ದಿನ ದೇಹದಲ್ಲಿ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಕಾರ್ಟಿಸೋಲ್ ಇಲ್ಲದಿದ್ದರೆ ಹೊಟ್ಟೆಗೆ ಬೀಳದ ಹೊತ್ತಿನಲ್ಲಿ ಯಕೃತ್ತು ಸಾಕಷ್ಟು ಸಕ್ಕರೆ ತಯಾರಿಸಲಾರದು; ದೇಹ ನೀರನ್ನು ಹಿಡಿದಿಟ್ಟುಕೊಂಡು ಸೋಡಿಯಂ ತೆಳುವಾಗುತ್ತದೆ.

ಇಲ್ಲಿ ಕಣ್ಣಿಡಬೇಕಾದದ್ದು ಪೊಟ್ಯಾಸಿಯಂ ಮೇಲೆ. ಅದನ್ನು ಮೂತ್ರದಲ್ಲಿ ಹೊರಹಾಕಿಸುವ ಅಲ್ಡೋಸ್ಟಿರೋನ್ ಮುಖ್ಯವಾಗಿ ಎಸಿಟಿಎಚ್‌ನ ಹಿಡಿತದಲ್ಲಿಲ್ಲ, ಹಾಗಾಗಿ ಈ ಹೆಂಗಸಿನಲ್ಲಿ ಅದು ಉಳಿದಿದೆ. ನಿಜವಾದ ಅಡಿಸನ್ ಕಾಯಿಲೆಯಲ್ಲಿ ಗ್ರಂಥಿಯೇ ನಾಶವಾಗಿ ಅಲ್ಡೋಸ್ಟಿರೋನ್ ಕೂಡ ಹೋಗುತ್ತದೆ; ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯವಾಗಬಹುದು. ಅಲ್ಲಿ ಎಸಿಟಿಎಚ್ ವಿಪರೀತ ಹೆಚ್ಚಿ ಅಂಗೈ ಗೆರೆ, ವಸಡು ಕಪ್ಪಾಗುತ್ತವೆ. ಈ ಹೆಂಗಸಿನ ವಸಡು ಎಂದಿನಂತೆಯೇ ಇದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಗಮನ ಸೆಳೆದ ಲಕ್ಷಣಗಳಲ್ಲಿ ಆ ಕಪ್ಪೂ ಒಂದು. ಅಂದು ಅದಕ್ಕೆ ದೊಡ್ಡ ಕಾರಣ ಕ್ಷಯ; ಭಾರತದಲ್ಲಿ ಅದು ಇಂದಿಗೂ ಮರೆಯಬಾರದ ಕಾರಣ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಾರ್ಟಿಸೋಲನ್ನು ಬೇಗ ಕರಗಿಸುವುದರಿಂದ ಚಿಕಿತ್ಸೆ ಶುರುವಾದ ಮೇಲೆ ರೋಗಿ ದಿಢೀರನೆ ಕುಸಿಯುವುದೂ ಉಂಟು.

ಕೋಷ್ಟಕದ ಕೊನೆಯ ಸಾಲು ಖಚಿತಪಡಿಸುವ ಪರೀಕ್ಷೆಗಳದು. ಹೆಚ್ಚಾಗಿದೆ ಎಂಬ ಸಂಶಯಕ್ಕೆ ತಗ್ಗಿಸಿ ನೋಡಬೇಕು: ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಸೋನ್ ಕೊಟ್ಟು ಬೆಳಗ್ಗೆ 8ಕ್ಕೆ ರಕ್ತ ತೆಗೆದರೆ ಆರೋಗ್ಯವಂತರಲ್ಲಿ ಕಾರ್ಟಿಸೋಲ್ 1.8 ಮೈಕ್ರೋಗ್ರಾಂಗಿಂತ ಕೆಳಗಿರುತ್ತದೆ. ಕಡಿಮೆಯಾಗಿದೆ ಎಂಬ ಸಂಶಯಕ್ಕೆ ಕೆಣಕಿ ನೋಡಬೇಕು: 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, ಅರ್ಧ ಮತ್ತು ಒಂದು ಗಂಟೆಯ ಬಳಿಕ ಕಾರ್ಟಿಸೋಲ್ 18ರ ಆಸುಪಾಸಿಗೆ ಏರದಿದ್ದರೆ ಗ್ರಂಥಿ ಸೋತಿದೆ. ಪ್ರಯೋಗಾಲಯದ ವಿಧಾನಕ್ಕೆ ತಕ್ಕಂತೆ ಈ ಗಡಿ ತುಸು ಬದಲಾಗುತ್ತದೆ. ಆದರೆ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಕಾರ್ಟಿಸೋಲ್ ಹೊರುವ ಪ್ರೋಟೀನ್ ಹೆಚ್ಚಿರುವುದರಿಂದ ಮೊದಲ ಪರೀಕ್ಷೆ ಇಲ್ಲದ ಕುಶಿಂಗ್ ತೋರಿಸಬಹುದು. ಸ್ಟಿರಾಯ್ಡ್ ನುಂಗುತ್ತಿರುವವರಿಗಂತೂ ಆ ಪರೀಕ್ಷೆಯೇ ಅರ್ಥವಿಲ್ಲದ್ದು. ಹಾಗಾಗಿ ಮಾತ್ರೆ, ಇಂಜೆಕ್ಷನ್, ಚರ್ಮದ ಮುಲಾಮು, ಹೆಸರಿಲ್ಲದ ಪುಡಿ ಯಾವುದನ್ನು ಬಳಸಿದ್ದೀರಿ ಎಂದು ಮೊದಲು ಕೇಳಬೇಕು.

ಈ ಹೆಂಗಸಿನ ಸ್ಥಿತಿಯಲ್ಲಿ ಪರೀಕ್ಷೆಗಾಗಿ ಕಾಯುವಂತಿಲ್ಲ. ಕಾರ್ಟಿಸೋಲ್‌ಗೆ ರಕ್ತ ತೆಗೆದಿಟ್ಟು ಕೂಡಲೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಜೊತೆಗೆ ಸಲೈನ್, ಸಕ್ಕರೆ ಕಡಿಮೆಯಿದ್ದರೆ ಗ್ಲುಕೋಸ್. ವರದಿ ಆಮೇಲೆ ಬಂದರೂ ಆದೀತು.

ಚೇತರಿಸಿಕೊಂಡ ಮೇಲೆ ಸ್ಟಿರಾಯ್ಡನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಅತಿ ಕಡಿಮೆ ಡೋಸ್‌ಗೆ ಬಂದಾಗ ಬೆಳಗಿನ ಮಾತ್ರೆ ನುಂಗುವ ಮೊದಲು ಕಾರ್ಟಿಸೋಲ್ ನೋಡುತ್ತಾರೆ: 10ಕ್ಕಿಂತ ಮೇಲಿದ್ದರೆ ಗ್ರಂಥಿ ಎಚ್ಚೆತ್ತಿದೆ, ಮಾತ್ರೆ ನಿಲ್ಲಿಸಬಹುದು. 5ಕ್ಕಿಂತ ಕೆಳಗಿದ್ದರೆ ಮಾತ್ರೆ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ನೋಡಬೇಕು. ಗ್ರಂಥಿ ಮರಳಿ ಕೆಲಸಕ್ಕೆ ಬರಲು ಒಂದು ವರ್ಷವೂ ಹಿಡಿಯಬಹುದು. ಅಷ್ಟರೊಳಗೆ ಜೋರು ಜ್ವರವೋ ಶಸ್ತ್ರಚಿಕಿತ್ಸೆಯೋ ಬಂದರೆ ಡೋಸ್ ಹೆಚ್ಚಿಸಬೇಕಾಗುತ್ತದೆ. ‘ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದೆ’ ಎಂದು ಬರೆದ ಚೀಟಿ ರೋಗಿಯ ಪರ್ಸಿನಲ್ಲೇ ಇರಬೇಕು.