ಇಪ್ಪತ್ತು ಸಾವಿರದ ಸೆಂಟು: ದುಡ್ಡು ಹೋಗುವುದೆಲ್ಲಿಗೆ?

2006ರಲ್ಲಿ ಗೇಜಾ ಶೋನ್ ಎಂಬ ಜರ್ಮನ್ ಪರ್ಫ್ಯೂಮ್ ತಯಾರಕರು ಮಾಲಿಕ್ಯೂಲ್ 01 ಎಂಬ ಸುಗಂಧವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಗುಲಾಬಿ ಇಲ್ಲ, ಮಲ್ಲಿಗೆ ಇಲ್ಲ, ಗಂಧವೂ ಇಲ್ಲ. ಐಸೋ ಇ ಸೂಪರ್ ಎಂಬ ಒಂದೇ ರಾಸಾಯನಿಕವನ್ನು ಆಲ್ಕೋಹಾಲಿನಲ್ಲಿ ಕರಗಿಸಿದ್ದಾರೆ, ಅಷ್ಟೇ. ಒಣಗಿದ ಮರದಂಥ ಮೆತ್ತನೆಯ ಪರಿಮಳ. ಬಟ್ಟೆ ಒಗೆಯುವ ಪುಡಿಗೂ ಬೀಳುವ ಸಾಮಗ್ರಿ ಅದು, ಸಗಟಿನಲ್ಲಿ ಕಿಲೋಗೆ ಕೆಲವೇ ಸಾವಿರ ರೂಪಾಯಿ. ದೊಡ್ಡ ಬಾಟಲಿಯ ಬೆಲೆ ಮಾತ್ರ ಹತ್ತು ಸಾವಿರ ದಾಟುತ್ತದೆ. ಕಂಪನಿ ಇದನ್ನೇನೂ ಮುಚ್ಚಿಟ್ಟಿಲ್ಲ, ಒಂದೇ ಅಣುವಿನ ಸೆಂಟು ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತದೆ. ಜನ ಗೊತ್ತಿದ್ದೇ ಕೊಳ್ಳುತ್ತಾರೆ.

ಹಾಗಾದರೆ ನೀಶ್ ಪರ್ಫ್ಯೂಮ್ ಎಂದು ಕರೆಸಿಕೊಳ್ಳುವ, ಚಿಕ್ಕ ಪ್ರಮಾಣದಲ್ಲಿ ತಯಾರಾಗುವ ಈ ಸೆಂಟುಗಳ ಬೆಲೆ ಎಲ್ಲಿಂದ ಬರುತ್ತದೆ? ಯಾವ ಕಂಪನಿಯೂ ತನ್ನ ಖರ್ಚಿನ ಪಟ್ಟಿಯನ್ನು ಗಿರಾಕಿಯ ಮುಂದೆ ಇಡುವುದಿಲ್ಲ. ಆದ್ದರಿಂದ ಉದ್ಯಮದ ರೂಢಿಯನ್ನು ನೋಡಿಕೊಂಡು ನಾವೇ ಒಂದು ಅಂದಾಜು ಲೆಕ್ಕ ಹಾಕೋಣ. ಹೊರದೇಶದಿಂದ ಬಂದ 100 ಮಿಲಿಯ ಬಾಟಲಿ, ನಮ್ಮಲ್ಲಿ ಅದರ ಬೆಲೆ 20,000 ರೂಪಾಯಿ ಎಂದುಕೊಳ್ಳಿ.

ಅದರಲ್ಲಿ ಸುಮಾರು 3,000 ರೂಪಾಯಿ ಜಿಎಸ್‌ಟಿ. ಉಳಿದ 17,000ದಲ್ಲಿ ಅಂಗಡಿಯವರು ನೂರಕ್ಕೆ ನಲವತ್ತು ಇಟ್ಟುಕೊಂಡರೆ 6,800 ಅಲ್ಲಿಗೆ ಹೋಯಿತು. ಆಮದುದಾರರ ಸುಂಕ, ಸಾಗಣೆ, ಅವರ ಪಾಲು ಎಲ್ಲ ಸೇರಿ 4,500 ಕಳೆಯಿರಿ. ಪರ್ಫ್ಯೂಮ್ ಕಂಪನಿಯ ಕೈಗೆ ತಲುಪುವುದು 5,700. ಬಾಟಲಿ ತಯಾರಾಗಲು ಅದರಲ್ಲಿ ತಗಲಿದ್ದು 1,300ರಷ್ಟು. ಸುಗಂಧದ ಮೂಲ ಮಿಶ್ರಣ ಕಿಲೋಗೆ 20,000 ರೂಪಾಯಿಯದ್ದು, ಬಾಟಲಿಗೆ 18 ಗ್ರಾಂ, ಅಂದರೆ 360 ರೂಪಾಯಿ. ಆಲ್ಕೋಹಾಲು ಮತ್ತು ತುಂಬುವ ಕೂಲಿ 150. ಗಾಜು, ಮುಚ್ಚಳ, ಪಂಪು, ಡಬ್ಬಿಗೆ 800.

ಈಗ ಪಕ್ಕದಲ್ಲಿ ಮಾಲ್‌ಗಳಲ್ಲಿ ಎಲ್ಲೆಡೆ ಸಿಗುವ 6,000 ರೂಪಾಯಿಯ ಬಾಟಲಿಯನ್ನು ಇಡಿ. ಅದರ ಮಿಶ್ರಣ ಕಿಲೋಗೆ 5,000 ರೂಪಾಯಿಯದ್ದು, ಬಾಟಲಿಗೆ 15 ಗ್ರಾಂ, ಅಂದರೆ 75 ರೂಪಾಯಿ. ಗಾಜು, ಡಬ್ಬಿ 250, ತುಂಬುವುದಕ್ಕೆ 100. ಒಟ್ಟು 425. ನೀಶ್ ಬಾಟಲಿಯ ಒಳಗಿನ ಸರಕು ನಾಲ್ಕೈದು ಪಟ್ಟು ದುಬಾರಿ ಎಂಬುದು ಸುಳ್ಳಲ್ಲ. ಆದರೆ ರೂಪಾಯಿಯಲ್ಲಿ ಆ ವ್ಯತ್ಯಾಸ 285 ಮಾತ್ರ. ಅದು ನಮ್ಮ ಕೈ ಸೇರುವ ಹೊತ್ತಿಗೆ ನಾಲ್ಕು ಸಾವಿರದಾಚೆ ಬೆಳೆದಿರುತ್ತದೆ. ಕಾರಣ, ದಾರಿಯಲ್ಲಿ ಇರುವವರೆಲ್ಲ ತಮ್ಮ ಪಾಲನ್ನು ಶೇಕಡಾ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಎರಡೂ ಬಾಟಲಿಗಳಲ್ಲಿ ತಯಾರಿಕೆಯ ಒಂದು ರೂಪಾಯಿ ಅಂಗಡಿಯಲ್ಲಿ ಹದಿನಾಲ್ಕೋ ಹದಿನೈದೋ ಆಗುತ್ತದೆ. ಈ ಲೆಕ್ಕದಲ್ಲಿ ಸೆಂಟಿಗಿಂತ ಹೆಚ್ಚು ಬೆಲೆ ಏರಿಸಿದ್ದು ಗಾಜು ಮತ್ತು ಡಬ್ಬಿ. ಅಲ್ಲಿನ 550 ರೂಪಾಯಿಯ ವ್ಯತ್ಯಾಸ ಎಂಟು ಸಾವಿರ ದಾಟುತ್ತದೆ.

ಗಾಜು ಅಷ್ಟು ದುಬಾರಿಯೇ ಎಂದರೆ, ಗಾಜಲ್ಲ, ಅಚ್ಚು. ತಮ್ಮದೇ ಆಕಾರದ ಬಾಟಲಿ ಬೇಕೆಂದರೆ ಅಚ್ಚಿನ ಖರ್ಚು ಲಕ್ಷಗಟ್ಟಲೆ. ಗಾಜಿನ ಕಾರ್ಖಾನೆ ಒಂದು ಸಲಕ್ಕೆ ಸಾವಿರಾರು ಬಾಟಲಿಗಿಂತ ಕಡಿಮೆ ಮಾಡಿಕೊಡುವುದೂ ಇಲ್ಲ. ಲಕ್ಷಾಂತರ ಬಾಟಲಿ ಮಾರುವವನಿಗೆ ಆ ಖರ್ಚು ಹಂಚಿ ಹೋಗುತ್ತದೆ, ಮೂರು ಸಾವಿರ ಮಾರುವವನಿಗೆ ಪ್ರತಿ ಬಾಟಲಿಯ ಮೇಲೂ ಕೂರುತ್ತದೆ. ಫ್ರೆಡೆರಿಕ್ ಮಾಲ್ ಅವರ ಕಂಪನಿಯ ಸುಗಂಧಗಳನ್ನು ನೋಡಿ. ಹೆಸರು ಬೇರೆ, ತಯಾರಿಸಿದವರು ಬೇರೆ, ಬಾಟಲಿಯ ಆಕಾರ ಒಂದೇ. ನೋಡುವವರಿಗೆ ಅದು ಸರಳತೆಯ ಸೊಗಸು. ಖರ್ಚಿನ ದೃಷ್ಟಿಯಿಂದ ಜಾಣತನವೂ ಹೌದು.

ಮಿಶ್ರಣದ ಗಾಢತೆಯ ಮಾತು ಬಂದರೆ ಎಚ್ಚರ ಬೇಕು. ಓ ದ ತ್ವಾಲೆತ್, ಓ ದ ಪರ್ಫಾಂ, ಎಕ್ಸ್‌ತ್ರೆ ಎಂದು ಬಾಟಲಿಯ ಮೇಲಿರುವ ಹೆಸರುಗಳಿಗೆ ರೂಢಿಯ ಪ್ರಮಾಣ ಇದೆಯೇ ಹೊರತು ಕಾನೂನಿನ ಕಟ್ಟಳೆ ಇಲ್ಲ. ನಮ್ಮ 18 ಗ್ರಾಮನ್ನು 30ಕ್ಕೆ ಏರಿಸಿದರೂ ಕಂಪನಿಗೆ ತಗಲುವುದು ಹೆಚ್ಚುವರಿ 240 ರೂಪಾಯಿ. ಗಾಢವಾದಷ್ಟೂ ಹೆಚ್ಚು ಹೊತ್ತು ಉಳಿಯುತ್ತದೆ ಎನ್ನುವುದೂ ಅರ್ಧ ಸತ್ಯ. ನಿಂಬೆಯ ಅಣು ಹಗುರ, ಎಷ್ಟೇ ಸುರಿದರೂ ಬೇಗ ಹಾರಿಹೋಗುತ್ತದೆ. ಕಸ್ತೂರಿಯನ್ನು ಅನುಕರಿಸುವ ಕೃತಕ ಅಣುಗಳು ಭಾರ, ಚೂರೇ ಹಾಕಿದರೂ ಮರುದಿನ ಅಂಗಿಯಲ್ಲಿ ಸಿಗುತ್ತವೆ.

ಜಾಹೀರಾತಿನ ವಿಷಯದಲ್ಲಿ ನೀಶ್ ಕಂಪನಿಗಳ ಮಾತು ಬಹುಪಾಲು ನಿಜ. 2004ರಲ್ಲಿ ನಿಕೋಲ್ ಕಿಡ್‌ಮನ್ ನಟಿಸಿದ ಶನೆಲ್ ನಂ. 5ರ ಜಾಹೀರಾತಿಗೆ ಕೋಟಿಗಟ್ಟಲೆ ಡಾಲರ್ ಸುರಿಯಲಾಯಿತು ಎಂದು ಪತ್ರಿಕೆಗಳು ಬರೆದವು. ಅಂಥ ಸಿನಿಮಾಗಳನ್ನು ಚಿಕ್ಕವರು ಮಾಡುವುದಿಲ್ಲ. ಹಾಗೆಂದು ಪ್ರಚಾರದ ಖರ್ಚು ಇಲ್ಲವೆಂದಲ್ಲ. ದುಬಾರಿ ಬೀದಿಯ ಅಂಗಡಿ ಬಾಡಿಗೆ, ಪುಕ್ಕಟೆ ಸ್ಯಾಂಪಲ್ಲು, ವಿಡಿಯೊ ಮಾಡುವವರಿಗೆ ಹೋಗುವ ಬಾಟಲಿಗಳು ಎಲ್ಲ ಆ 5,700ರಿಂದಲೇ ಬರಬೇಕು. ಇನ್ನು ಬೆಲೆಯೇ ಒಂದು ಜಾಹೀರಾತು. ಅದೇ ಸೆಂಟನ್ನು 4,000ಕ್ಕೆ ಇಟ್ಟರೆ ಅದನ್ನು ಗಮನಿಸುವವರೇ ಇರಲಿಕ್ಕಿಲ್ಲ. ಚಿಕ್ಕವರು ಎಂಬ ಮಾತೂ ಈಗ ಎಲ್ಲರಿಗೆ ಹೊಂದುವುದಿಲ್ಲ. ಲೆ ಲಾಬೋ ಎಸ್ಟೀ ಲಾಡರ್‌ನ ಕೈಯಲ್ಲಿದೆ, ಕ್ರೀಡ್ ಕಂಪನಿಯನ್ನು ಕೆರಿಂಗ್ 2023ರಲ್ಲಿ 350 ಕೋಟಿ ಯೂರೋ ಕೊಟ್ಟು ಕೊಂಡಿತು. ಅಂಥ ಬೆಲೆ ಕೊಟ್ಟವರು ಅದನ್ನು ಬಾಟಲಿಗಳಿಂದಲೇ ವಾಪಸು ಪಡೆಯಬೇಕಲ್ಲ.

ಇನ್ನು ನಿಜವಾದ ಸಾಮಗ್ರಿ. ಬಲ್ಗೇರಿಯದ ಕಜಾನ್‌ಲಾಕ್ ಕಣಿವೆಯ ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರೂವರೆ, ನಾಲ್ಕು ಟನ್ ಹೂವು ಬೇಕು. ಹೂವನ್ನು ಬೆಳಗಿನ ಜಾವ, ಬಿಸಿಲೇರುವ ಮುಂಚೆ ಬಿಡಿಸಬೇಕು. ಕಿಲೋಗೆ 8 ಲಕ್ಷ ರೂಪಾಯಿ ಹಿಡಿದರೆ, ಮಿಶ್ರಣಕ್ಕೆ ನೂರರಲ್ಲಿ ಒಂದು ಪಾಲು ಹಾಕಿದರೂ ಕಿಲೋ ಮಿಶ್ರಣದ 20,000 ರೂಪಾಯಿಯಲ್ಲಿ 8,000 ಅದೊಂದೇ ನುಂಗುತ್ತದೆ. ಹೀಗಾಗಿ ಬಹುತೇಕ ಗುಲಾಬಿ ಸೆಂಟುಗಳಲ್ಲಿ ಅಸಲಿ ಎಣ್ಣೆ ಚೂರು, ದೇಹವೆಲ್ಲ ಕೃತಕ ಅಣುಗಳದ್ದು. ಇದು ಮೋಸವಲ್ಲ, ಒಳ್ಳೆಯ ತಯಾರಕರೂ ಹಾಗೆಯೇ ಮಾಡುತ್ತಾರೆ. ಮೋಸ ಇರುವುದು ಇಡೀ ಬಾಟಲಿ ಹೂವಿನಿಂದಲೇ ತುಂಬಿದೆ ಎಂಬಂತೆ ಬರೆಯುವ ವಿವರಣೆಯಲ್ಲಿ. ಡಬ್ಬಿಯ ಮೇಲಿನ ಪಟ್ಟಿಯಿಂದ ಅದು ಗೊತ್ತಾಗದು. ಸಿಟ್ರೊನೆಲಾಲ್, ಜೆರಾನಿಯಾಲ್ ಎಂದು ಬರೆದಿದ್ದರೆ ಅವು ಹೂವಿನಿಂದಲೂ ಬಂದಿರಬಹುದು, ಕಾರ್ಖಾನೆಯಿಂದಲೂ.

ನಮ್ಮ ಮೂಗಿಗೆ ಸುಲಭವಾಗಿ ಪರೀಕ್ಷಿಸಬಹುದಾದದ್ದು ಶ್ರೀಗಂಧ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಂದಿನಿಂದ ಆ ಊರಿನ ಹೆಸರು ಜಗತ್ತಿನ ಪರ್ಫ್ಯೂಮ್ ವಿವರಣೆಗಳಲ್ಲೆಲ್ಲ ಓಡಾಡುತ್ತಿದೆ. ಹೆಸರು ಇದ್ದಲ್ಲೆಲ್ಲ ಎಣ್ಣೆ ಇರುತ್ತದೆಂದಿಲ್ಲ, ಜವನಾಲ್‌ನಂಥ ಕೃತಕ ಅಣುಗಳು ಅದರ ಕೆಲಸ ಮಾಡುತ್ತಿವೆ. ಅಸಲಿ ಗಂಧದೆಣ್ಣೆ ಹಾಲಿನ ಕೆನೆಯಂತೆ ಮೆತ್ತಗಿದ್ದು ಚರ್ಮದ ಹತ್ತಿರವೇ ಉಳಿಯುತ್ತದೆ, ಮೂಗು ಹತ್ತಿರ ತಂದರೆ ಸಿಗುತ್ತದೆ. ಸಿಂಪಡಿಸಿದ ನಿಮಿಷಕ್ಕೇ ಕೋಣೆಯ ಆಚೆ ತುದಿಗೆ ಮುಟ್ಟಿ, ಮೂರು ದಿನ ಅಂಗಿ ಬಿಡದೆ ಕೂತರೆ ಅಲ್ಲಿ ಬೇರೆ ಅಣುಗಳು ಕೆಲಸ ಮಾಡುತ್ತಿವೆ. ಅದೇ ನಿಮಗೆ ಇಷ್ಟವಾದರೂ ತಪ್ಪೇನಿಲ್ಲ, ಆದರೆ ಅದಕ್ಕೆ ಗಂಧದ ಬೆಲೆ ಕೊಡಬೇಕಾಗಿಲ್ಲ. ಬಹಳಷ್ಟು ಅಂಗಡಿಗಳಲ್ಲಿ 2 ಮಿಲಿಯ ಸ್ಯಾಂಪಲ್ ಸಿಗುತ್ತದೆ. ಅದನ್ನು ಕಾಗದದ ಪಟ್ಟಿಯ ಮೇಲೆ ಮಾತ್ರವಲ್ಲ, ಮೊಣಕೈ ಒಳಗೆ ಹಚ್ಚಿಕೊಂಡು ಸಂಜೆಯವರೆಗೆ ನೋಡಿ. ಮೊದಲ ಹತ್ತು ನಿಮಿಷದ ಕಂಪನ್ನು ನೋಡಿ 20,000 ಕೊಟ್ಟವರ ಬಾಟಲಿಗಳೇ ಮರುಮಾರಾಟದ ಗುಂಪುಗಳಲ್ಲಿ ಮುಕ್ಕಾಲು ತುಂಬಿಕೊಂಡು ಅರ್ಧ ಬೆಲೆಗೆ ಬರುತ್ತವೆ.